13 ಕೆಜಿ ಜಗಳವನ್ನೇ ಬರೆಯಿರಿ

ಪ್ರಶ್ನೆ: ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬರುವ ತಿಂಗಳಿಗೆ ಎಂಟು ವರ್ಷ ತುಂಬುತ್ತೆ. ಲಿಂಕ್ಡ್‌ಇನ್‌ನಲ್ಲಿ ಎಲ್ಲರೂ ‘ಈ ಪಯಣದಲ್ಲಿ ಜೊತೆಯಾದ ಎಲ್ಲರಿಗೂ ಧನ್ಯವಾದ’ ಅಂತ ಹಾಕ್ತಾರೆ. ನನಗೆ ಹಾಗೆ ಬೇಡ, ಕೆಲಸದಲ್ಲಿ ಕಲಿತದ್ದನ್ನು ಬರೆಯಬೇಕು. ಆದರೆ ಬರೆಯೋಕೆ ಕೂತರೆ ‘ತಾಳ್ಮೆ, ಟೀಮ್‌ವರ್ಕ್, ಗುಣಮಟ್ಟದಲ್ಲಿ ರಾಜಿ ಇಲ್ಲ’ ಇಷ್ಟೇ ಬರುತ್ತೆ. ನಿಜ ಹೇಳಬೇಕೆಂದರೆ ಬೆಳೆಗಾರರ ಜೊತೆ ಮಾಯಿಶ್ಚರ್ ಜಗಳ ಮಾಡಿದ್ದೇ ಹೆಚ್ಚು. ಹೋದ ಸೀಸನ್‌ನಲ್ಲಿ ಒಂದು ತೋಟದ, ಹಣ್ಣಿನ ಸಿಪ್ಪೆ ತೆಗೆದು ಹೊಟ್ಟಿನ ಸಮೇತ ಒಣಗಿಸಿದ ನೂರು ಚೀಲ ಪಾರ್ಚ್‌ಮೆಂಟಿಗೆ ನಮ್ಮಲ್ಲಿ ಮಾಯಿಶ್ಚರ್ 12.4 ಪರ್ಸೆಂಟ್ ಬಂತು, ತೋಟದ ಮೀಟರ್‌ನಲ್ಲಿ 10.8 ಇತ್ತಂತೆ. ಒಣಗಿಸಿ 10ಕ್ಕೆ ತಂದ ಮೇಲೆ ‘ಲೆಕ್ಕಕ್ಕಿಂತ 13 ಕೆಜಿ ಜಾಸ್ತಿ ಹೋಗಿದೆ, ಎಲ್ಲಿ ಹೋಯಿತು?’ ಅಂತ ಅವರ ತೋಟದ ಲೆಕ್ಕ ನೋಡುವ ರೈಟರ್ ಎರಡು ದಿನ ಬಿಡಲಿಲ್ಲ. ಇಂಥದ್ದನ್ನೆಲ್ಲ ಬರೆಯೋಕಾಗುತ್ತಾ?
— ಓದುಗರು, ಹಾಸನ

ಉತ್ತರ: ಆಗುತ್ತದೆ. ಅದನ್ನೊಂದನ್ನೇ ಬರೆಯಿರಿ, ಉಳಿದ ಮೂರನ್ನು ಬಿಟ್ಟುಬಿಡಿ.

ತಾಳ್ಮೆ, ಟೀಮ್‌ವರ್ಕ್, ರಾಜಿ ಇಲ್ಲದ ಗುಣಮಟ್ಟ ಇವು ಸುಳ್ಳೇನಲ್ಲ. ಆದರೆ ಆ ಪೋಸ್ಟಿನ ಕೆಳಗಿರುವ ನಿಮ್ಮ ಹೆಸರು ಅಳಿಸಿ ಕೆಎಸ್‌ಆರ್‌ಟಿಸಿ ಡಿಪೋದ ಮೆಕ್ಯಾನಿಕ್ ಒಬ್ಬರ ಹೆಸರು ಹಾಕಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಲ್ಯಾಬ್ ನೋಡಿಕೊಂಡವನಾಗಿ, ಆಮೇಲೆ ಅದೇ ಕೆಲಸಕ್ಕೆ ಜನರನ್ನು ಆರಿಸಿದವನಾಗಿ ಹೇಳುತ್ತೇನೆ: ಇಂಥ ಪೋಸ್ಟುಗಳಿಂದ ಬರೆದವರು ಎಂಟು ವರ್ಷ ಸಂಬಳ ತೆಗೆದುಕೊಂಡಿದ್ದಾರೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಆ 13 ಕೆಜಿಯ ಮಾತು ಹಾಗಲ್ಲ. ಅದನ್ನು ಬಿಡಿಸಿ ಹೇಳಬಲ್ಲವರು ಎಂದರೆ ಪಾರ್ಚ್‌ಮೆಂಟ್ ಮೂಟೆಯ ಪಕ್ಕ ನಿಂತು ಬೈಸಿಕೊಂಡವರೇ ಆಗಿರಬೇಕು.

ಕಲಿತದ್ದು ಯಾವುದು ಅಂತ ಹುಡುಕುವಾಗ ಜನ ಮನಸ್ಸಿನೊಳಗೆ ಹುಡುಕುತ್ತಾರೆ, ಅಲ್ಲಿ ದೊಡ್ಡ ದೊಡ್ಡ ಮಾತುಗಳೇ ಸಿಗುತ್ತವೆ. ನೀವು ರಿಜಿಸ್ಟರ್ ತೆಗೆಯಿರಿ. ಮೊದಲ ಸೀಸನ್‌ನ ಸ್ಯಾಂಪಲ್ ರಿಜಿಸ್ಟರ್ ಒಂದು, ಹೋದ ಸೀಸನ್‌ನದ್ದೊಂದು. ಎರಡರಲ್ಲೂ ಒಂದು ಲೋಡಿಗೆ ನೀವು ಏನೇನು ದಾಖಲಿಸಿದ್ದೀರಿ ನೋಡಿ. ಮೊದಲ ವರ್ಷ ಒಂದು ಲೋಡಿಗೆ ಒಂದೇ ಮಾಯಿಶ್ಚರ್ ಅಂಕಿ ಇದ್ದು, ಈಗ ಕಡಿಮೆ ಎಷ್ಟು, ಹೆಚ್ಚು ಎಷ್ಟು ಅಂತ ಎರಡು ಅಂಕಿ ಬರೆಯುತ್ತಿದ್ದರೆ, ನಡುವೆ ಏನೋ ಆಗಿ ನಿಮ್ಮ ಕೈ ಬದಲಾಗಿದೆ. ಯಾರೂ ಹೇಳದೆಯೇ ನೀವು ಈಗ ಮಾಡುವ, ಆಗ ಮಾಡದಿದ್ದ ಒಂದು ಕೆಲಸ ಸಿಕ್ಕಿದರೆ ಪೋಸ್ಟಿಗೆ ಅಷ್ಟು ಸಾಕು.

ಈಗ ನಿಮ್ಮ ಜಗಳಕ್ಕೆ ಬರೋಣ. ಬರೆಯುವ ಮೊದಲು ಅದು ನಿಮಗೇ ಪೂರ್ತಿ ತಿಳಿದಿರಬೇಕು. ಅರ್ಧ ತಿಳಿದದ್ದನ್ನು ಪೋಸ್ಟ್ ಮಾಡಿದರೆ ಕೆಳಗೆ ಬಂದು ಕೇಳುವವರು ನಮ್ಮ ಜಿಲ್ಲೆಗಳಲ್ಲಿ ಕಡಿಮೆಯಿಲ್ಲ.

ಮೊದಲು 13 ಕೆಜಿ. ನೂರು ಚೀಲ, ಚೀಲಕ್ಕೆ 50 ಕೆಜಿ, ಒಟ್ಟು 5,000 ಕೆಜಿ. ರೈಟರ್ ಹಾಕಿದ ಲೆಕ್ಕ ಏನಿರುತ್ತದೆ ಎಂದು ಊಹಿಸುವುದು ಸುಲಭ: 12.4ರಿಂದ 10ಕ್ಕೆ ಬಂದರೆ 2.4 ಪರ್ಸೆಂಟ್ ಇಳಿಯಿತು, ಐದು ಸಾವಿರಕ್ಕೆ 2.4 ಪರ್ಸೆಂಟ್ ಎಂದರೆ 120 ಕೆಜಿ, ಆದ್ದರಿಂದ 4,880 ಕೆಜಿ ಉಳಿಯಬೇಕು. ನಿಮ್ಮ ತೂಕದಲ್ಲಿ ಬಂದದ್ದು 4,867ರ ಆಸುಪಾಸು. ಹದಿಮೂರು ಕೆಜಿ ಕಾಣೆ. ಅವರ ಜಾಗದಲ್ಲಿ ನಿಂತರೆ ಅನುಮಾನ ಸಹಜ. ವರ್ಷಪೂರ್ತಿ ತೋಟದಲ್ಲಿ ದುಡಿದು, ಕಣದಲ್ಲಿ ಬಿಸಿಲು ಕಾದು ಕಳಿಸಿದ ಮಾಲು, ಬೇರೆಯವರ ಗೋಡೌನಿನಲ್ಲಿ ಕರಗುತ್ತಿದೆ.

ಆದರೆ ಆ ಕಳೆಯುವ ಲೆಕ್ಕದಲ್ಲೇ ತಪ್ಪಿದೆ. ತೇವಾಂಶದ ಪರ್ಸೆಂಟನ್ನು ನಾವು ಒಟ್ಟು ತೂಕದ ಮೇಲೆ ಹೇಳುತ್ತೇವೆ. 12.4 ಎಂದರೆ ನೂರು ಕೆಜಿ ಮಾಲಿನಲ್ಲಿ 12.4 ಕೆಜಿ ನೀರು, ಉಳಿದ 87.6 ಕೆಜಿ ಒಣ ಪದಾರ್ಥ. ಕಣದಲ್ಲಿ ಹರಡಿದಾಗ ಹೋಗುವುದು ನೀರು ಮಾತ್ರ, ಒಣ ಪದಾರ್ಥ ಎಲ್ಲೂ ಹೋಗುವುದಿಲ್ಲ. ಹಾಗಾಗಿ ಆ ಲೋಡಿನಲ್ಲಿ ಒಣಗುವ ಮೊದಲೂ 4,380 ಕೆಜಿ ಒಣ ಪದಾರ್ಥ ಇತ್ತು, ಒಣಗಿದ ಮೇಲೂ ಅಷ್ಟೇ ಇರುತ್ತದೆ. 10 ಪರ್ಸೆಂಟಿಗೆ ಬಂದಾಗ ಈ 4,380 ಕೆಜಿ ಹೊಸ ತೂಕದ 90 ಪರ್ಸೆಂಟ್ ಆಗಬೇಕು. 4,380ನ್ನು 0.90ರಿಂದ ಭಾಗಿಸಿದರೆ 4,866.7. ಅಂದರೆ ಇಳಿದದ್ದು 133 ಕೆಜಿ, 120 ಅಲ್ಲ. ಒಟ್ಟು ತೂಕವೇ ಕಡಿಮೆಯಾಗುತ್ತಾ ಹೋಗುವುದರಿಂದ, ಹಳೆಯ ಐದು ಸಾವಿರದ ಮೇಲೆ ಪರ್ಸೆಂಟ್ ಕಳೆದರೆ ಇಳಿಕೆಯ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ. ಕಾಣೆಯಾದ ಹದಿಮೂರು ಕೆಜಿ ಯಾರ ಮನೆಗೂ ಹೋಗಿಲ್ಲ, ಆವಿಯಾಗಿ ಹೋಗಿದೆ.

ಸೂತ್ರವಾಗಿ ಬರೆದರೆ ಇಷ್ಟೇ:

```
ಹೊಸ ತೂಕ = ಹಳೆ ತೂಕ × (100 − ಹಳೆ ತೇವಾಂಶ) ÷ (100 − ಹೊಸ ತೇವಾಂಶ)
```

ಇದನ್ನು ನೀವು ಆ ರೈಟರ್‌ಗೆ ಎರಡನೇ ದಿನ ಹೇಗೆ ಒಪ್ಪಿಸಿದಿರಿ ಅನ್ನುವುದು ನಿಮ್ಮ ಪತ್ರದಲ್ಲಿಲ್ಲ. ಪೋಸ್ಟಿನಲ್ಲಿ ಅದು ಇರಲೇಬೇಕು. ಸೂತ್ರ ಹೇಳಿದಿರೋ, ನೂರು ಕೆಜಿಗೆ ಇಳಿಸಿ ಲೆಕ್ಕ ಹಾಕಿ ತೋರಿಸಿದಿರೋ, ಒಂದು ಕೆಜಿ ಸ್ಯಾಂಪಲ್ಲನ್ನು ಅವರೆದುರಿಗೇ ಒಣಗಿಸಿ ತೂಗಿದಿರೋ? ನನ್ನ ಅನುಭವದಲ್ಲಿ ಮೂರನೆಯದಕ್ಕೆ ಒಪ್ಪದವರು ವಿರಳ. ಸೂತ್ರಕ್ಕೆ ಒಪ್ಪುವವರು ಇನ್ನೂ ವಿರಳ.

ಇನ್ನು ಎರಡನೆಯ ಸಂಗತಿ, 10.8 ಮತ್ತು 12.4. ಹದಿಮೂರು ಕೆಜಿಯದ್ದು ಬರೀ ಗಣಿತ. ಒಬ್ಬ ಕ್ವಾಲಿಟಿಯವರು ಎಂಟು ವರ್ಷದಲ್ಲಿ ಏನು ಕಲಿತಿದ್ದಾರೆ ಎನ್ನುವುದು ಕಾಣುವುದು ಇಲ್ಲಿ.

ಒಂದೇ ಮಾಲಿಗೆ ಎರಡು ಅಂಕಿ ಬಂದಾಗ ಹೊಸಬರು ಕೇಳುವುದು ‘ಯಾರ ಮೀಟರ್ ಸರಿ?’ ಅಂತ. ಹಳಬರು ಮೊದಲು ಕೇಳುವುದು ‘ಇಬ್ಬರೂ ಅಳೆದದ್ದು ಒಂದೇ ಕಾಫಿಯಾ?’ ಅಂತ. ಇದನ್ನು ಬೇರ್ಪಡಿಸುವ ದಾರಿ ನಿಮಗೆ ಗೊತ್ತೇ ಇರುತ್ತದೆ: ಚೆನ್ನಾಗಿ ಬೆರೆಸಿದ ಒಂದೇ ಸ್ಯಾಂಪಲ್ಲನ್ನು ಗಾಳಿಯಾಡದ ಡಬ್ಬಿಗೆ ತುಂಬಿ, ತಣ್ಣಗಾದ ಮೇಲೆ, ಒಂದೇ ಕೋಣೆಯಲ್ಲಿಟ್ಟು ಎರಡೂ ಮೀಟರ್‌ಗಳಲ್ಲಿ ಹಲವು ಸಲ ನೋಡುವುದು. ಎರಡೂ ಹತ್ತಿರ ಹತ್ತಿರ ತೋರಿಸಿದರೆ ಮೀಟರ್‌ಗಳದ್ದು ತಪ್ಪಿಲ್ಲ, ಸ್ಯಾಂಪಲ್ ತೆಗೆದ ರೀತಿಯಲ್ಲಿ ವ್ಯತ್ಯಾಸವಿದೆ, ಇಲ್ಲವೇ ಎರಡು ಅಳತೆಯ ನಡುವೆ ಕಾಫಿಯೇ ಬದಲಾಗಿದೆ. ಆಗಲೂ 10.8, 12.4 ಎಂದೇ ನಿಂತರೆ ಮೀಟರ್‌ನಲ್ಲೇ ಹುಡುಕಬೇಕು.

ಮೀಟರ್ ಎಂದರೆ ನಾವೆಲ್ಲ ಬಳಸುವುದು ಕಾಫಿಯೊಳಗಿನ ನೀರನ್ನು ನೇರವಾಗಿ ತೂಗುವ ಯಂತ್ರವಲ್ಲ. ಕಾಳಿನ ವಿದ್ಯುತ್ ಗುಣವನ್ನು ನೋಡಿ ನೀರೆಷ್ಟಿರಬಹುದು ಎಂದು ಅಂದಾಜು ಹೇಳುವ ಯಂತ್ರ. ಆ ಅಂದಾಜು ಪಾರ್ಚ್‌ಮೆಂಟಿಗೆ ಬೇರೆ, ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿಗೆ ಬೇರೆ, ಸಿಪ್ಪೆ ತೆಗೆದ ಬೀಜಕ್ಕೆ ಬೇರೆ. ಪಾರ್ಚ್‌ಮೆಂಟ್ ತುಂಬಿ ಬೀಜದ ಸೆಟ್ಟಿಂಗ್‌ನಲ್ಲಿ ಓದಿದರೆ ಅಂಕಿ ಬರುತ್ತದೆ, ಮೀಟರ್ ಯಾವ ತಕರಾರೂ ಮಾಡುವುದಿಲ್ಲ. ಬಿಸಿಯೂ ಅಷ್ಟೇ. ಮಧ್ಯಾಹ್ನ ಎರಡು ಗಂಟೆಗೆ ಸಿಮೆಂಟ್ ಕಣದಿಂದ ಬಾಚಿ ತಂದ ಕಾಫಿ ಮುಟ್ಟಿದರೆ ಸುಡುತ್ತಿರುತ್ತದೆ. ಅದನ್ನು ಹಾಗೇ ಮೀಟರಿಗೆ ಸುರಿದರೆ, ಉಷ್ಣಾಂಶವನ್ನು ತಾನೇ ಸರಿಹೊಂದಿಸಿಕೊಳ್ಳುವ ಮೀಟರ್ ಆದರೂ ಪೂರ್ತಿ ನಂಬುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಿಸಿಲಿನಲ್ಲಿ ಕಾಳಿನ ಹೊರಮೈ ಮೊದಲು ಒಣಗುತ್ತದೆ, ನಡುವಿನ ನೀರು ಇನ್ನೂ ಒಳಗೇ ಇರುತ್ತದೆ. ಸಂಜೆ ರಾಶಿ ಹಾಕಿ ಮುಚ್ಚಿಟ್ಟರೆ ಒಳಗಿನದ್ದು ನಿಧಾನವಾಗಿ ಹೊರಗೆ ಬಂದು ಸಮನಾಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ರಾತ್ರಿ ರಾಶಿ ಮಾಡಿ ಹೊದಿಸುವುದು ಇಬ್ಬನಿಗೆ ಹೆದರಿ ಮಾತ್ರ ಅಲ್ಲ. ಮಧ್ಯಾಹ್ನದ 10.8 ಮರುದಿನ ಬೆಳಿಗ್ಗೆ ಮೇಲೇರಿದರೆ ಕಾಫಿ ನೀರು ಕುಡಿಯಿತು ಎಂದೇ ಅರ್ಥವಲ್ಲ. ಮಧ್ಯಾಹ್ನ ಕಾಣದಿದ್ದ ನೀರು ಬೆಳಿಗ್ಗೆ ಕಂಡಿತು ಅಂತಲೂ ಇರಬಹುದು.

ಯಾವ ಮೀಟರ್ ಸರಿ ಎಂದು ತೀರ್ಮಾನಿಸಲೇಬೇಕಾದರೆ ಇರುವುದು ಓವನ್. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹಸಿ ಕಾಫಿಬೀಜವನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ಗಂಟೆ ಇಟ್ಟು, ಇಳಿದ ತೂಕ ನೋಡುವುದು. ದಿನಾ ಬರುವ ಲೋಡಿಗೆಲ್ಲ ಇದು ಸಾಧ್ಯವಿಲ್ಲ, ಲಾರಿ ಹೊರಗೆ ಕಾಯುತ್ತಿರುತ್ತದೆ. ಆದರೆ ಸೀಸನ್ ಶುರುವಿನಲ್ಲಿ ನಿಮ್ಮ ಮೀಟರನ್ನು ಓವನ್ ಜೊತೆ ಹೋಲಿಸಿ, ಎಷ್ಟು ವ್ಯತ್ಯಾಸ ಬಂತು ಎಂದು ಬರೆದಿಟ್ಟುಕೊಂಡರೆ ಜಗಳದ ಅರ್ಧ ಅಲ್ಲೇ ಮುಗಿಯುತ್ತದೆ.

ಈಗ ಸ್ಯಾಂಪಲ್. ನನ್ನ ಮಟ್ಟಿಗೆ ಮೀಟರಿಗಿಂತ ಇದೇ ದೊಡ್ಡದು. ನೂರು ಚೀಲದ ಲೋಡು ಎಂದರೆ ಒಂದು ದಿನದ ಕೊಯ್ಲಲ್ಲ. ಬೇರೆ ಬೇರೆ ದಿನ ಪಲ್ಪಿಂಗ್ ಮಾಡಿದ್ದು, ಬೇರೆ ಬೇರೆ ಬಿಸಿಲು ಕಂಡದ್ದು, ಕೊನೆಗೆ ಮೋಡ ಕವಿದಾಗ ಗಡಿಬಿಡಿಯಲ್ಲಿ ತುಂಬಿದ್ದು ಎಲ್ಲ ಒಂದೇ ಲಾರಿಯಲ್ಲಿ ಬಂದಿರುತ್ತದೆ. ಒಂದು ಉದಾಹರಣೆ ನೋಡಿ. ನೂರರಲ್ಲಿ ಎಂಬತ್ತು ಚೀಲ 10.4 ಇವೆ, ಇಪ್ಪತ್ತು ಚೀಲ 14 ಇವೆ. ಎಲ್ಲದರಿಂದಲೂ ಸ್ಯಾಂಪಲ್ ತೆಗೆದು ಬೆರೆಸಿ ಅಳೆದರೆ 11.1 ಬರುತ್ತದೆ. ಸ್ವಲ್ಪ ಒಣಗಿಸಿದರೆ ಆಯಿತು ಅನ್ನಿಸುವ ಅಂಕಿ. ಆದರೆ ಆ ಲೋಡಿನಲ್ಲಿ 11.1 ಇರುವ ಚೀಲ ಒಂದೂ ಇಲ್ಲ. ಎಂಬತ್ತು ಚೀಲಕ್ಕೆ ಬಿಸಿಲೇ ಹೆಚ್ಚು ಬೇಕಿಲ್ಲ, ಇಪ್ಪತ್ತು ಚೀಲ ಹಾಗೇ ಬಿಟ್ಟರೆ ಬೂಷ್ಟು ಹಿಡಿಯಬಹುದು, ಬೀಜ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ, ಕುಡಿಯುವ ಕಾಫಿಯಲ್ಲಿ ಮುಗ್ಗಲು ವಾಸನೆ ಬರುತ್ತದೆ. ಸರಾಸರಿ ಎಂಬುದು ಕೆಟ್ಟ ಚೀಲವನ್ನು ಒಳ್ಳೆಯ ಚೀಲದ ಹಿಂದೆ ಬಚ್ಚಿಡುತ್ತದೆ. ಅದಕ್ಕೇ ಬೆರೆಸುವ ಮೊದಲು ಕೆಲವು ಚೀಲಗಳನ್ನು ಬೇರೆ ಬೇರೆಯಾಗಿ ನೋಡಿ ಕಡಿಮೆ ಎಷ್ಟು, ಹೆಚ್ಚು ಎಷ್ಟು ಎಂದು ಬರೆದಿಡುವುದು. ಆ ಅಂತರ ದೊಡ್ಡದಿದ್ದರೆ ಲೋಡನ್ನು ಎರಡು ಮಾಡಬೇಕು.

ಸ್ಯಾಂಪಲ್ ತೆಗೆಯುವ ಕೊಳವೆ ಚುಚ್ಚುವ ಜಾಗವೂ ಹಾಗೆಯೇ. ಲಾರಿಯ ಮೇಲಿನ ಸಾಲಿನ ಚೀಲಗಳಿಗೆ, ಅದೂ ಬಾಯಿಯ ಹತ್ತಿರ ಚುಚ್ಚುವುದು ಸುಲಭ. ಆದರೆ ದಾರಿಯಲ್ಲಿ ಬಿಸಿಲಿಗೆ, ಗಾಳಿಗೆ, ಮಂಜಿಗೆ ಒಡ್ಡಿಕೊಂಡದ್ದೂ ಅದೇ ಭಾಗ. ಕೊಳವೆ ಮೂಟೆಯ ನಡುವಿಗೆ ಇಳಿಯಬೇಕು, ಕೆಳಗಿನ ಸಾಲಿನ ಚೀಲಗಳಿಂದಲೂ ಬರಬೇಕು. ಹಮಾಲರಿಗೆ ಇದು ಹೆಚ್ಚುವರಿ ಕೆಲಸ, ಅವರು ಗೊಣಗುತ್ತಾರೆ. ಅವರ ಜೊತೆ ಸಂಬಂಧ ಚೆನ್ನಾಗಿಟ್ಟುಕೊಳ್ಳದ ಕ್ವಾಲಿಟಿಯವರ ಸ್ಯಾಂಪಲ್ ಯಾವತ್ತೂ ಮೇಲಿನ ಸಾಲಿನದ್ದೇ.

ಇಷ್ಟೂ ನಿಮ್ಮ ಪೋಸ್ಟಿಗೆ ಹೋಗುವುದಿಲ್ಲ, ಹೋಗಲೂ ಬಾರದು. ಒಂದು ಪೋಸ್ಟಿಗೆ ಒಂದು ಪಾಠ. ಸಾಲಾಗಿ ಎಂಟು ವರ್ಷಕ್ಕೆ ಎಂಟು ಪಾಠ ಬರೆಯುವ ಆಸೆ ಬರುತ್ತದೆ, ಬರೆದರೆ ಒಂದೊಂದೂ ಒಂದೊಂದು ಸಾಲಾಗಿ ಮತ್ತೆ ‘ತಾಳ್ಮೆ’ಗೇ ಬಂದು ನಿಲ್ಲುತ್ತದೆ. ನಾನಾದರೆ ಹದಿಮೂರು ಕೆಜಿಯನ್ನು ಬಾಗಿಲಾಗಿ ಇಟ್ಟು ಸ್ಯಾಂಪಲ್ಲಿನ ಪಾಠಕ್ಕೆ ಹೋಗುತ್ತೇನೆ. ಯಾಕೆಂದರೆ ಹದಿಮೂರು ಕೆಜಿಯ ಲೆಕ್ಕವನ್ನು ಯಾರಾದರೂ ಒಂದು ದಿನದಲ್ಲಿ ಕಲಿಯಬಹುದು, ಚೀಲ ಚೀಲಕ್ಕೆ ಇರುವ ವ್ಯತ್ಯಾಸವನ್ನು ಹುಡುಕುವ ಅಭ್ಯಾಸಕ್ಕೆ ಸೀಸನ್‌ಗಳು ಬೇಕು.

ಒಂದು ಕರಡು ಕೊಡುತ್ತೇನೆ. ಇದು ನಿಮ್ಮ ಪತ್ರದಿಂದ ನಾನು ಕಟ್ಟಿದ್ದು. ನಿಮ್ಮಲ್ಲಿ ನಡೆದದ್ದು ಬೇರೆಯಿದ್ದರೆ ನಡೆದದ್ದನ್ನೇ ಹಾಕಿ.

“ನೂರು ಚೀಲ ಪಾರ್ಚ್‌ಮೆಂಟ್ ಒಣಗಿಸಿದಾಗ 133 ಕೆಜಿ ಇಳಿಯಿತು. 120 ಇಳಿಯಬೇಕಿತ್ತು, 13 ಕೆಜಿ ಎಲ್ಲಿ ಅಂತ ತೋಟದವರು ಕೇಳಿದರು.

ಲೆಕ್ಕ ಹೀಗಿದೆ. 5,000 ಕೆಜಿಯಲ್ಲಿ 12.4% ನೀರು ಎಂದರೆ 4,380 ಕೆಜಿ ಒಣ ಪದಾರ್ಥ. ಒಣಗಿದ ಮೇಲೂ ಅದು ಅಷ್ಟೇ ಇರಬೇಕು. 10%ಗೆ ಬಂದಾಗ ಒಟ್ಟು ತೂಕ 4,867 ಕೆಜಿ. ನೇರವಾಗಿ 2.4% ಕಳೆದರೆ 13 ಕೆಜಿ ತಪ್ಪು ಬರುತ್ತದೆ.

ಲೆಕ್ಕ ಒಪ್ಪಿದರು. ಆದರೆ ಅವರ ಇನ್ನೊಂದು ಪ್ರಶ್ನೆ ದೊಡ್ಡದಿತ್ತು: ತೋಟದಲ್ಲಿ 10.8 ಇದ್ದದ್ದು ಇಲ್ಲಿ 12.4 ಹೇಗಾಯಿತು? ಒಂದೇ ಸ್ಯಾಂಪಲ್ಲನ್ನು ಇಬ್ಬರ ಮೀಟರ್‌ನಲ್ಲೂ ನೋಡಿದೆವು, ಹೆಚ್ಚು ವ್ಯತ್ಯಾಸವಿರಲಿಲ್ಲ. ಚೀಲಗಳನ್ನು ಬೇರೆ ಬೇರೆ ನೋಡಿದಾಗ ಗೊತ್ತಾಯಿತು, ಕೊನೆಯಲ್ಲಿ ತುಂಬಿದ ಚೀಲಗಳು ಉಳಿದವಕ್ಕಿಂತ ಬಹಳ ಹಸಿಯಾಗಿದ್ದವು.

ಕೆಲಸಕ್ಕೆ ಸೇರಿದಾಗ ನಾನು ಒಂದು ಲೋಡಿಗೆ ಒಂದು ಮಾಯಿಶ್ಚರ್ ಬರೆಯುತ್ತಿದ್ದೆ. ಈಗ ಎರಡು ಬರೆಯುತ್ತೇನೆ, ಅತಿ ಕಡಿಮೆ ಇದ್ದ ಚೀಲದ್ದು ಮತ್ತು ಅತಿ ಹೆಚ್ಚು ಇದ್ದ ಚೀಲದ್ದು. ಎರಡರ ನಡುವಿನ ಅಂತರ ಹೆಚ್ಚಿದ್ದರೆ ಲೋಡನ್ನು ಬೇರ್ಪಡಿಸಿ ಒಣಗಿಸುತ್ತೇವೆ. ಸಣ್ಣ ಲೋಡುಗಳಿಗೆ ಇದು ನಡೆಯುತ್ತದೆ. ಸೀಸನ್ ಮಧ್ಯದಲ್ಲಿ ದಿನಕ್ಕೆ ಲಾರಿ ಮೇಲೆ ಲಾರಿ ಬಂದಾಗ ಎಲ್ಲ ಲೋಡಿಗೂ ಮಾಡಲು ಆಗುವುದಿಲ್ಲ. ಆಗ ಕೊನೆಯಲ್ಲಿ ತುಂಬಿದ ಚೀಲ ಯಾವುವು ಎಂದು ಡ್ರೈವರನ್ನು ಕೇಳಿ ಅವನ್ನಾದರೂ ಬೇರೆ ನೋಡುತ್ತೇವೆ.

ಈ ಕೆಲಸಕ್ಕೆ ಈ ತಿಂಗಳು ಎಂಟು ವರ್ಷ. ಕೊಳವೆಯನ್ನು ಎಷ್ಟು ಆಳಕ್ಕೆ ಇಳಿಸಬೇಕು ಅಂತ ಮೊದಲ ವಾರವೇ ತೋರಿಸಿಕೊಟ್ಟ ನಮ್ಮ ಗೋಡೌನಿನ ಹಿರಿಯ ಹಮಾಲರೊಬ್ಬರಿಗೆ ಥ್ಯಾಂಕ್ಸ್.”

ಇದರಲ್ಲಿ ಕೆಲವನ್ನು ಬೇಕೆಂದೇ ಹೀಗಿಟ್ಟಿದ್ದೇನೆ. ಎಂಟು ವರ್ಷದ ಸುದ್ದಿ ಕೊನೆಗೆ ಹೋಗಿದೆ. ಲಿಂಕ್ಡ್‌ಇನ್ ನಿಮ್ಮ ಪರಿಚಯದವರಿಗೆ ಎಂಟು ವರ್ಷ ಆಯಿತು ಅಂತ ತಾನೇ ಸುದ್ದಿ ಕೊಡುತ್ತದೆ, ನೀವೂ ಅದರಿಂದಲೇ ಶುರು ಮಾಡಬೇಕಾಗಿಲ್ಲ. ಪೋಸ್ಟಿನ ಮೊದಲ ಎರಡು ಮೂರು ಸಾಲು ಮಾತ್ರ ಕಂಡು, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಆ ಮೂರು ಸಾಲಿನಲ್ಲಿ ‘133 ಕೆಜಿ ಇಳಿಯಿತು’ ಎಂದಿದ್ದರೆ ಕಾಫಿಯವರು ಒತ್ತದೆ ಮುಂದೆ ಹೋಗುವುದಿಲ್ಲ.

ಸೀಸನ್ ಮಧ್ಯದಲ್ಲಿ ಎಲ್ಲ ಲೋಡಿಗೂ ಮಾಡಲಾಗುವುದಿಲ್ಲ ಎಂಬ ಸಾಲನ್ನು ತೆಗೆಯಬೇಡಿ. ನಿಮಗೆ ಅದು ಹಿಂಜರಿಕೆ ತರಬಹುದು, ಕಂಪನಿಯ ಮರ್ಯಾದೆಗೆ ಕುಂದು ಎನ್ನಿಸಬಹುದು. ಆದರೆ ಡಿಸೆಂಬರ್–ಜನವರಿಯಲ್ಲಿ ಕ್ಯೂರಿಂಗ್ ಗೇಟಿನಲ್ಲಿ ನಿಂತು ನೋಡಿದ ಯಾರಿಗೇ ಆಗಲಿ, ‘ಪ್ರತಿ ಚೀಲವನ್ನೂ ಪರೀಕ್ಷಿಸುತ್ತೇವೆ’ ಎಂದರೆ ಮೊದಲು ಅನುಮಾನ ಬರುವುದು ಆ ಮಾತಿನ ಮೇಲೆ. ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ, ನಡೆಯದಿದ್ದಾಗ ಬದಲಿಗೆ ಏನು ಮಾಡುತ್ತೀರಿ ಎಂಬ ಮೂರೂ ಇದ್ದರೆ ಮಾತ್ರ ಅದು ಕೆಲಸ ಮಾಡಿದವರ ಮಾತು. ಕೆಲಸಕ್ಕೆ ಜನ ಆರಿಸುವಾಗ ನಾನು ಕಣ್ಣಿಟ್ಟು ಹುಡುಕುತ್ತಿದ್ದದ್ದೂ ಈ ‘ನಡೆಯುವುದಿಲ್ಲ’ವನ್ನೇ.

10 ಪರ್ಸೆಂಟ್ ಎಂಬ ಅಂಕಿಯ ಬಗ್ಗೆ ಒಂದು ಎಚ್ಚರ. ಕಾಫಿ ಬೋರ್ಡ್ ಹೇಳುವ ಮಿತಿ ಪಾರ್ಚ್‌ಮೆಂಟಿಗೆ 10, ಅರೇಬಿಕಾ ಚೆರ್ರಿಗೆ 10.5, ರೊಬಸ್ಟಾ ಚೆರ್ರಿಗೆ 11. ನಿಮ್ಮ ಪೋಸ್ಟ್ ಓದುವ ರೊಬಸ್ಟಾ ಬೆಳೆಗಾರರೊಬ್ಬರು ತಮ್ಮ ಚೆರ್ರಿಯನ್ನೂ 10ಕ್ಕೆ ಒಣಗಿಸಬೇಕೇನೋ ಅಂದುಕೊಂಡರೆ ಅವರಿಗೆ ಸುಮ್ಮನೆ ತೂಕ ನಷ್ಟ. ಅತಿಯಾಗಿ ಒಣಗಿದ ಕಾಳು ಸಿಪ್ಪೆ ಸುಲಿಯುವ ಹಲ್ಲರ್‌ನಲ್ಲಿ ಒಡೆದು ಚೂರು ಜಾಸ್ತಿಯಾಗುವುದು ಬೇರೆ. ಅದಕ್ಕೇ ಕರಡಿನ ಮೊದಲ ಸಾಲಿನಲ್ಲೇ ‘ಪಾರ್ಚ್‌ಮೆಂಟ್’ ಎಂದು ಹಾಕಿದ್ದೇನೆ, ಅದನ್ನು ‘ಕಾಫಿ’ ಎಂದು ಬದಲಿಸಬೇಡಿ. ನಿಮ್ಮ ಕೆಲಸದ ಯಾವ ಅಂಕಿ ಹೊರಗಿನವರ ಕೈಯಲ್ಲಿ ತಪ್ಪಾಗಿ ಬಳಕೆಯಾಗಬಹುದು ಎಂದು ನಿಮಗಷ್ಟೇ ಗೊತ್ತಿರುತ್ತದೆ.

ಬಿಡಬೇಕಾದ್ದು. ತೋಟದ ಹೆಸರು ಹಾಕುವುದಿಲ್ಲ ಎನ್ನುವುದು ನಿಮಗೆ ಗೊತ್ತು. ಆದರೆ ಹೆಸರು ಬಿಟ್ಟರೆ ಸಾಕಾಗುವುದಿಲ್ಲ. ‘ಯಸಳೂರು ಕಡೆಯ ಒಂದು ದೊಡ್ಡ ತೋಟ, ಹೋದ ಜನವರಿ, ನೂರು ಚೀಲ’ ಎಂದರೆ ಸಕಲೇಶಪುರದ ಯಾವುದೇ ಹೋಟೆಲಿನಲ್ಲಿ ಕೂತವರು ಕಾಫಿ ಮುಗಿಯುವುದರೊಳಗೆ ಹೆಸರು ಹೇಳುತ್ತಾರೆ. ಊರು, ತಿಂಗಳು, ಚೀಲದ ಸಂಖ್ಯೆ ಮೂರೂ ಒಟ್ಟಿಗೆ ಬರಬಾರದು. ಚೀಲದ ಸಂಖ್ಯೆ ಲೆಕ್ಕಕ್ಕೆ ಬೇಕು, ಆದ್ದರಿಂದ ಮಿಕ್ಕೆರಡು ಹೋಗಲಿ. ಬೇಕಿದ್ದರೆ ಚೀಲದ ಸಂಖ್ಯೆಯನ್ನೂ ಇನ್ನೂರು ಮಾಡಿ, ಲೆಕ್ಕ ಅದೇ ಪ್ರಮಾಣದಲ್ಲಿ ಬರುತ್ತದೆ, ಆದರೆ ‘ಉದಾಹರಣೆಗೆ’ ಎಂದು ಸೇರಿಸಿ. ಆ ರೈಟರ್ ಜಗಳಗಂಟರಂತೆ ಕಾಣಬಾರದು. ಅವರು ಕೇಳಿದ್ದು ಸರಿಯಾದ ಪ್ರಶ್ನೆ, ಕೇಳದೆ ಸುಮ್ಮನೆ ಹೋಗುವವರೇ ಮುಂದಿನ ವರ್ಷ ಬೇರೆ ಕ್ಯೂರಿಂಗ್‌ಗೆ ಮಾಲು ಕಳಿಸುವುದು. ಕರಡಿನಲ್ಲಿ ‘ಜಗಳ’ ಎಂಬ ಮಾತು ಇಲ್ಲದಿರುವುದು ಅದಕ್ಕೇ.

ದರ, ಔಟ್‌ಟರ್ನ್ ಲೆಕ್ಕ, ಎಷ್ಟು ಲೋಡು ವಾಪಸ್ ಕಳಿಸಿದಿರಿ, ಯಾವ ಖರೀದಿದಾರರಿಗೆ ಯಾವ ಗ್ರೇಡ್ ಹೋಯಿತು ಇವ್ಯಾವುದೂ ನಿಮ್ಮದಲ್ಲ, ಕಂಪನಿಯದ್ದು. ತೇವಾಂಶದ ಗಣಿತ ಯಾರಪ್ಪನ ಮನೆಯ ಆಸ್ತಿಯೂ ಅಲ್ಲ, ಅದನ್ನು ಧೈರ್ಯವಾಗಿ ಬರೆಯಬಹುದು. ಆದರೂ ಹಾಕುವ ಮೊದಲು ಮ್ಯಾನೇಜರ್‌ಗೆ ಒಮ್ಮೆ ತೋರಿಸಿ. ‘ಚೆನ್ನಾಗಿದೆಯಾ ಸಾರ್?’ ಎಂದು ಕೇಳಿದರೆ ಅವರು ಎರಡು ಸಾಲು ‘ಮ್ಯಾನೇಜ್‌ಮೆಂಟಿಗೆ ಕೃತಜ್ಞತೆ’ ಸೇರಿಸಿ ಕೊಡುತ್ತಾರೆ. ‘ಇದರಲ್ಲಿ ಹೊರಗೆ ಹೇಳಬಾರದ್ದು ಏನಾದರೂ ಇದೆಯಾ ಸಾರ್?’ ಎಂದು ಕೇಳಿ.

ಥ್ಯಾಂಕ್ಸ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಬ್ಬರಿಗೆ, ಒಂದು ಕಾರಣಕ್ಕೆ ಹೇಳಿ. ಹಮಾಲರ ಹೆಸರು ಹಾಕುವುದಿದ್ದರೆ ಅವರನ್ನು ಕೇಳಿ ಹಾಕಿ, ಪೋಸ್ಟಾದ ಮೇಲೆ ಓದಿ ಹೇಳಿ. ಅವರು ಲಿಂಕ್ಡ್‌ಇನ್‌ನಲ್ಲಿ ಇರುವುದಿಲ್ಲ. ಕೆಟ್ಟ ಬೀಜ ಆರಿಸುವ ಗಾರ್ಬ್ಲಿಂಗ್ ಮಾಡುವ ಹೆಣ್ಣುಮಕ್ಕಳಿಂದ ಕಲಿತದ್ದೂ ನಿಮ್ಮಲ್ಲಿ ಇದ್ದೇ ಇರುತ್ತದೆ. ಬೆಳ್ಳಗಾದ ಬೀಜವನ್ನು ಅವರು ಕೈಯಲ್ಲಿ ಹಿಡಿಯುವ ವೇಗ ಎಂಥದ್ದೆಂದು ನೋಡಿದವರಿಗೇ ಗೊತ್ತು. ಅದು ಒಂಬತ್ತನೇ ವರ್ಷದ ಪೋಸ್ಟ್. ಇದರಲ್ಲಿ ತುರುಕಬೇಡಿ.

ಭಾಷೆ ಯಾವುದು ಎಂದು ನೀವು ಕೇಳಿಲ್ಲ, ಆದರೆ ಈ ಗೊಂದಲ ಎಲ್ಲರಿಗೂ ಬರುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಬೆಂಗಳೂರಿನ ರಫ್ತುದಾರರು ಓದುತ್ತಾರೆ, ಕನ್ನಡದಲ್ಲಿ ಬರೆದರೆ ರೈಟರ್‌ಗಳು ಓದುತ್ತಾರೆ. ಈ ಪಾಠ ಹೆಚ್ಚು ಬೇಕಿರುವುದು ರೈಟರ್‌ಗಳಿಗೆ, ಹಾಗಾಗಿ ಕನ್ನಡ ಎನ್ನುತ್ತೇನೆ. ಎರಡೂ ಬೇಕೆಂದರೆ ಎರಡು ಪೋಸ್ಟ್ ಮಾಡಿ. ಒಂದು ಪೋಸ್ಟಿಗೆ 3,000 ಅಕ್ಷರದ ಮಿತಿ ಇದೆ, ಕನ್ನಡದಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಎಣಿಕೆಯಾಗುವುದರಿಂದ ಮಿತಿ ನೀವು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ. ಮೇಲಿನ ಕರಡು ಅದರೊಳಗೆ ಆರಾಮವಾಗಿ ಹಿಡಿಸುತ್ತದೆ.

ಚಿತ್ರ ಹಾಕುವುದಾದರೆ ಕೇಕ್ ಕತ್ತರಿಸುವ ಫೋಟೊ ಬೇಡ. ಕೊಳವೆ ಚುಚ್ಚಿದ ಮೂಟೆಯ ಫೋಟೊ ಹಾಕಿ, ಚೀಲದ ಮೇಲಿನ ತೋಟದ ಗುರುತು ಕಾಣದ ಹಾಗೆ.

ಪೋಸ್ಟ್ ಹೋದ ದಿನ ಸಂಜೆಯೊಳಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಇಬ್ಬರ ಮೀಟರೂ ಒಂದೇ ತೋರಿಸಿತು ಸರಿ, ಎರಡೂ ತಪ್ಪಾಗಿದ್ದರೆ?’ ಒಳ್ಳೆಯ ಪ್ರಶ್ನೆ, ಕರಡಿನಲ್ಲಿ ಅದಕ್ಕೆ ಉತ್ತರವಿಲ್ಲ. ಈ ಸೀಸನ್‌ನಲ್ಲಿ ನಿಮ್ಮ ಮೀಟರನ್ನು ಓವನ್ ಜೊತೆ ಹೋಲಿಸಿದ್ದು ಯಾವತ್ತು, ಎಷ್ಟು ವ್ಯತ್ಯಾಸ ಬಂತು ಎಂದು ಎರಡೇ ಸಾಲಿನಲ್ಲಿ ಉತ್ತರ ಕೊಡಿ. ಹೋಲಿಸಿಲ್ಲವಾದರೆ ಪೋಸ್ಟನ್ನು ಒಂದು ವಾರ ಮುಂದೂಡಿ, ಮೊದಲು ಓವನ್‌ಗೆ ಸ್ಯಾಂಪಲ್ ಹಾಕಿ.